ವಾಕ್ಯದಲ್ಲಿ ತಪ್ಪಿಲ್ಲ, ಅರ್ಥ ಮಾತ್ರ ಬೇರೆ: ‘ಮಾತ್ರ’ದ ಸ್ಥಾನದೋಷ ಪತ್ತೆಹಚ್ಚುವ ಬಗೆ

ವಿಭಕ್ತಿ ತಪ್ಪಿದರೆ ಕಣ್ಣಿಗೆ ಕುಕ್ಕುತ್ತದೆ. ಕ್ರಿಯಾಪದ ಕರ್ತೃವಿಗೆ ಹೊಂದದಿದ್ದರೆ ಓದುವಾಗಲೇ ನಾಲಿಗೆ ಎಡವುತ್ತದೆ. ‘ಮಾತ್ರ’ ಎಂಬ ಪದ ಒಂದು ಹೆಜ್ಜೆ ಆಚೆ ಸರಿದರೆ ಇಂಥದ್ದೇನೂ ಆಗುವುದಿಲ್ಲ. ವಾಕ್ಯ ಮೊದಲಿನಷ್ಟೇ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ, ಆದರೆ ನೀವು ಹೇಳಹೊರಟಿದ್ದನ್ನು ಬಿಟ್ಟು ಬೇರೇನನ್ನೋ ಹೇಳುತ್ತದೆ. ಕಾಗುಣಿತ ನೋಡುವ ತಂತ್ರಾಂಶ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಿದೆ. ಕರಡು ತಿದ್ದುವವರ ಕಣ್ಣನ್ನೂ ಇದು ತಪ್ಪಿಸಿಕೊಳ್ಳುತ್ತದೆ. ದೋಷ ಬಯಲಾಗುವುದು ಓದಿದವರು ಅದರಂತೆ ನಡೆದುಕೊಂಡಾಗ. ಹಾಗಾಗಿ ಕೆಳಗಿನ ವಿವರಣೆ ವ್ಯಾಕರಣದ ಅಧ್ಯಾಯಗಳ ಕ್ರಮದಲ್ಲಿಲ್ಲ; ಓದುಗರಲ್ಲಿ ಕಾಣುವ ಲಕ್ಷಣಗಳ ಕ್ರಮದಲ್ಲಿದೆ, ಸುಲಭದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಎಲ್ಲಕ್ಕೂ ಮೊದಲು ಒಂದು ನಿಯಮ. ‘ಮಾತ್ರ’ ತನ್ನ ಎಡಕ್ಕಿರುವುದನ್ನು ಹಿಡಿಯುತ್ತದೆ. ‘ಕೇವಲ’ ಮತ್ತು ‘ಬರೀ’ ತಮ್ಮ ಬಲಕ್ಕಿರುವುದನ್ನು ಹಿಡಿಯುತ್ತವೆ. ಅರ್ಧಕ್ಕಿಂತ ಹೆಚ್ಚು ದೋಷಗಳು ಈ ನಿಯಮದ ಮುಂದೆಯೇ ಸಿಕ್ಕಿಬೀಳುತ್ತವೆ ಎಂಬುದು ನನ್ನ ಅಂದಾಜು.

ಲಕ್ಷಣ: ಒಂದೇ ಸೂಚನೆ ಓದಿದ ಇಬ್ಬರು ಎರಡು ರೀತಿ ನಡೆದುಕೊಳ್ಳುತ್ತಾರೆ

ಒಂದು ಗ್ರಂಥಾಲಯದ ಬಾಗಿಲಿಗೆ ಈ ಸೂಚನೆ ಅಂಟಿಸಿದ್ದಾರೆ ಎಂದುಕೊಳ್ಳಿ:

ಸದಸ್ಯರಿಗೆ ಭಾನುವಾರ ಮಾತ್ರ ಪ್ರವೇಶ.

ಬರೆದವರ ಉದ್ದೇಶ ಇಷ್ಟು: ಭಾನುವಾರ ಜನಜಂಗುಳಿ ಹೆಚ್ಚು, ಆದ್ದರಿಂದ ಅಂದು ಸದಸ್ಯರಲ್ಲದವರನ್ನು ಒಳಗೆ ಬಿಡುವುದಿಲ್ಲ, ಉಳಿದ ದಿನ ಯಾರು ಬೇಕಾದರೂ ಬರಬಹುದು. ಆದರೆ ಬುಧವಾರ ಬಂದ ಸದಸ್ಯರೊಬ್ಬರು ಸೂಚನೆ ಓದಿ ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಭಾನುವಾರ ಬಂದ, ಸದಸ್ಯರಲ್ಲದ ಇನ್ನೊಬ್ಬರು ನಿಶ್ಚಿಂತೆಯಿಂದ ಒಳಗೆ ಹೋಗಿ ಕೂರುತ್ತಾರೆ. ತಡೆದರೆ, ‘ನನ್ನಂಥವರ ವಿಷಯ ಇದರಲ್ಲಿ ಎಲ್ಲಿದೆ?’ ಎಂದು ಕೇಳುತ್ತಾರೆ. ಇಬ್ಬರೂ ಬರೆದದ್ದನ್ನು ಬರೆದಂತೆಯೇ ಓದಿದ್ದಾರೆ.

ಮೊದಲ ಪರೀಕ್ಷೆಗೆ ಬೆರಳೊಂದು ಸಾಕು. ‘ಮಾತ್ರ’ದ ಮೇಲೆ ಬೆರಳಿಟ್ಟು ಅದರ ಎಡಗಡೆಯ ಪದ ನೋಡಿ. ಇಲ್ಲಿ ಸಿಗುವುದು ‘ಭಾನುವಾರ’. ಅಂದರೆ ವಾಕ್ಯ ಮಿತಿ ಹೇರುತ್ತಿರುವುದು ದಿನದ ಮೇಲೆ. ನೀವು ಮಿತಿ ಹೇರಬೇಕೆಂದಿದ್ದದ್ದು ಜನರ ಮೇಲೆ.

ಎರಡನೆಯ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ. ‘ಮಾತ್ರ’ ಇರುವ ಪ್ರತಿಯೊಂದು ವಾಕ್ಯವೂ ಬಾಯಿಬಿಟ್ಟು ಹೇಳದೆ ಯಾರನ್ನೋ ಯಾವುದನ್ನೋ ಹೊರಗಿಡುತ್ತದೆ. ಹೀಗೆ ಹೊರಗಿಟ್ಟದ್ದನ್ನು ‘ಇಲ್ಲ’ ಸೇರಿಸಿ ಇನ್ನೊಂದು ವಾಕ್ಯವಾಗಿ ಬರೆಯಿರಿ. ಮೇಲಿನ ಸೂಚನೆಯಿಂದ ಹೊರಡುವ ವಾಕ್ಯ: ‘ಉಳಿದ ಆರು ದಿನ ಸದಸ್ಯರಿಗೆ ಪ್ರವೇಶವಿಲ್ಲ.’ ಇದನ್ನು ಕಾಗದದ ಮೇಲೆ ಕಂಡಾಗ ಬರೆದವರೇ ಬೆಚ್ಚುತ್ತಾರೆ. ಈಗ ‘ಮಾತ್ರ’ವನ್ನು ಅದರ ಯಜಮಾನನ ಪಕ್ಕಕ್ಕೆ ತನ್ನಿ:

ಭಾನುವಾರ ಸದಸ್ಯರಿಗೆ ಮಾತ್ರ ಪ್ರವೇಶ.

ಹೊರಗುಳಿದದ್ದು: ‘ಭಾನುವಾರ ಸದಸ್ಯರಲ್ಲದವರಿಗೆ ಪ್ರವೇಶವಿಲ್ಲ.’ ಬೇಕಾಗಿದ್ದದ್ದು ಇದೇ. ‘ಸದಸ್ಯರಿಗೆ ಮಾತ್ರ ಭಾನುವಾರ ಪ್ರವೇಶ’ ಎಂದು ಬರೆದಿದ್ದರೂ ಹೊರಗುಳಿಯುವವರು ಅವರೇ. ಕನ್ನಡದಲ್ಲಿ ಪದಗಳು ವಾಕ್ಯದೊಳಗೆ ಸಾಕಷ್ಟು ಸ್ವತಂತ್ರವಾಗಿ ಓಡಾಡುತ್ತವೆ, ಅದರಿಂದ ದೋಷವಿಲ್ಲ. ‘ಮಾತ್ರ’ ಮತ್ತು ಅದು ಹಿಡಿಯಬೇಕಾದ ಪದ ಜೋಡಿಯಾಗಿ ಓಡಾಡಬೇಕು, ಅಷ್ಟೇ. ಜೋಡಿ ಒಡೆದು ನಡುವೆ ಇನ್ನೊಂದು ಪದ ನುಸುಳಿದ ಕೂಡಲೇ ‘ಮಾತ್ರ’ ಹೊಸಬನ ಕೈ ಹಿಡಿಯುತ್ತದೆ.

ಇದೇ ನಾಲ್ಕು ಪದಗಳಿಗೆ ಇನ್ನೂ ಒಂದು ಸಾಧ್ಯತೆ ಉಳಿದಿದೆ: ‘ಸದಸ್ಯರಿಗೆ ಭಾನುವಾರ ಪ್ರವೇಶ ಮಾತ್ರ.’ ಈಗ ಒಳಗೆ ಬರಬಹುದು, ಪುಸ್ತಕ ಎರವಲು ಸಿಗುವುದಿಲ್ಲ. ಮೂರು ಕಡೆ ಇಟ್ಟರೆ ಮೂರು ನಿಯಮ, ಒಂದರಲ್ಲೂ ವ್ಯಾಕರಣದ ತಪ್ಪಿಲ್ಲ.

ಸರಿಪಡಿಸಿದ ಮೇಲೂ ಒಂದು ಚೂರು ಬಾಕಿ ಇದೆ. ‘ಭಾನುವಾರ ಸದಸ್ಯರಿಗೆ ಮಾತ್ರ ಪ್ರವೇಶ’ ಎಂಬುದು ಸೋಮವಾರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೋಮವಾರ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ ಎಂದು ಓದುಗರು ಊಹಿಸುತ್ತಾರೆ, ಬಹುಮಟ್ಟಿಗೆ ಸರಿಯಾಗಿಯೇ ಊಹಿಸುತ್ತಾರೆ. ಆದರೂ ‘ಉಳಿದ ದಿನ ಎಲ್ಲರಿಗೂ ಪ್ರವೇಶವಿದೆ’ ಎಂದು ಇನ್ನೊಂದು ಸಾಲು ಸೇರಿಸಿದರೆ ಊಹೆಯ ಕೆಲಸ ತಪ್ಪುತ್ತದೆ.

ಗಟ್ಟಿಯಾಗಿ ಓದಿ ನೋಡುವ ಉಪಾಯವನ್ನು ಹಲವರು ಹೇಳುತ್ತಾರೆ. ಬರೆದವರೇ ಓದಿದರೆ ಅದರಿಂದ ಪ್ರಯೋಜನವಿಲ್ಲ. ಯಾವ ಪದವನ್ನು ಒತ್ತಬೇಕೆಂದು ನಿಮಗೆ ಮೊದಲೇ ಗೊತ್ತು. ‘ಸದಸ್ಯರಿಗೆ’ ಎಂಬುದನ್ನು ಒತ್ತಿ ಓದುತ್ತೀರಿ, ಕಿವಿಗೆ ಎಲ್ಲವೂ ಸರಿಯಾಗಿ ಕೇಳಿಸುತ್ತದೆ. ಆ ಒತ್ತು ಕಾಗದಕ್ಕೆ ಇಳಿಯುವುದಿಲ್ಲ. ವಿಷಯ ಗೊತ್ತಿಲ್ಲದ ಬೇರೊಬ್ಬರ ಕೈಗೆ ಕೊಟ್ಟು, ‘ಇದರ ಪ್ರಕಾರ ಯಾರನ್ನು ಒಳಗೆ ಬಿಡುವುದಿಲ್ಲ?’ ಎಂದು ಕೇಳಿ. ‘ಅರ್ಥವಾಯಿತೇ?’ ಎಂದು ಕೇಳಬೇಡಿ. ಆಗಿದೆ ಎಂದೇ ಹೇಳುತ್ತಾರೆ.

ಲಕ್ಷಣ: ‘ಕೇವಲ’ ಮುಂದೆ ಬಂದು ಕೂತಿದೆ

ಇದು ಬೇಗ ಮುಗಿಯುವ ಪರೀಕ್ಷೆ. ‘ಕೇವಲ ಅರ್ಜಿದಾರರು ಎರಡು ಪುಟ ತುಂಬಬೇಕು’ ಎಂದರೆ ಬೇರೆಯವರು ತುಂಬಬೇಕಾಗಿಲ್ಲ. ‘ಅರ್ಜಿದಾರರು ಕೇವಲ ಎರಡು ಪುಟ ತುಂಬಬೇಕು’ ಎಂದರೆ ಮೂರನೆಯ ಪುಟ ಖಾಲಿ ಬಿಡಬಹುದು. ವಾಕ್ಯದ ಆರಂಭಕ್ಕೆ ಗತ್ತು ಬರಲೆಂದು ‘ಕೇವಲ’ವನ್ನು ತಂದು ಮುಂದೆ ಕೂರಿಸುವ ಅಭ್ಯಾಸವಿದ್ದರೆ ಬಿಡಿ.

‘ಕೇವಲ ಹತ್ತು ಮಂದಿಗೆ ಮಾತ್ರ ಅವಕಾಶ’ ಎಂಬ ಇಮ್ಮಡಿ ಬಳಕೆಯಿಂದ ಅರ್ಥ ಕೆಡುವುದಿಲ್ಲ; ಎರಡೂ ಒಂದೇ ಪದವನ್ನು ಎರಡು ಕಡೆಯಿಂದ ಹಿಡಿದಿವೆ. ಒಂದನ್ನು ತೆಗೆಯಿರಿ. ಯಾವುದನ್ನು ಎಂಬುದಕ್ಕೆ ಸಣ್ಣ ಸುಳಿವು: ಸಂಖ್ಯೆಯ ಹಿಂದೆ ಬಂದ ‘ಕೇವಲ’ ‘ಇಷ್ಟು ಕಡಿಮೆಯೇ’ ಎಂಬ ಧ್ವನಿಯನ್ನೂ ಹೊರಡಿಸುತ್ತದೆ. ನಿಯಮ ಬರೆಯುವಾಗ ಆ ಧ್ವನಿ ಬೇಡ, ‘ಮಾತ್ರ’ ಇರಲಿ. ದೂರು ಬರೆಯುವಾಗ ‘ಕೇವಲ’ ಕೆಲಸಕ್ಕೆ ಬರುತ್ತದೆ.

ಲಕ್ಷಣ: ಒಬ್ಬರನ್ನು ಹೊಗಳಿದಿರಿ, ಉಳಿದವರು ಮುಖ ಊದಿಸಿಕೊಂಡರು

ತಂಡಕ್ಕೆ ಕಳಿಸಿದ ಸಂದೇಶ: ‘ಈ ಬಾರಿಯ ವರದಿ ತಡವಾಯಿತು. ರಮ್ಯಾ ಮಾತ್ರ ತುಂಬ ಶ್ರಮವಹಿಸಿದ್ದಾರೆ.’

‘ಮಾತ್ರ’ಕ್ಕೆ ಎರಡು ಕೆಲಸಗಳಿವೆ. ಒಂದು, ಬೇರೆಲ್ಲವನ್ನೂ ಹೊರಗಿಡುವುದು. ಇನ್ನೊಂದು, ‘ಆದರೆ’ ಎಂಬಂತೆ ಮಾತಿನ ದಿಕ್ಕು ತಿರುಗಿಸುವುದು. ‘ಮಳೆ ನಿಂತಿತು, ಗಾಳಿ ಮಾತ್ರ ನಿಲ್ಲಲಿಲ್ಲ’ ಎನ್ನುವಾಗ ಎರಡನೆಯ ಕೆಲಸ ನಡೆಯುತ್ತಿದೆ. ಜಗತ್ತಿನಲ್ಲಿ ನಿಲ್ಲದೆ ಉಳಿದದ್ದು ಗಾಳಿಯೊಂದೇ ಎಂದು ಯಾರೂ ತಿಳಿಯುವುದಿಲ್ಲ. ಸಂದೇಶ ಬರೆದವರ ಮನಸ್ಸಿನಲ್ಲಿದ್ದದ್ದೂ ಇದೇ: ವರದಿ ತಡವಾಯಿತು, ಆದರೆ ರಮ್ಯಾ ಅವರ ಶ್ರಮದ ಬಗ್ಗೆ ಎರಡು ಮಾತಿಲ್ಲ. ಓದಿದವರು ಹಿಡಿದದ್ದು ಮೊದಲ ಅರ್ಥ: ಶ್ರಮವಹಿಸಿದ್ದು ರಮ್ಯಾ ಒಬ್ಬರೇ.

ಇಲ್ಲಿ ಪದವನ್ನು ಆಚೀಚೆ ಸರಿಸಿ ಲಾಭವಿಲ್ಲ. ಅದು ಸರಿಯಾದ ಜಾಗದಲ್ಲೇ ಇದೆ. ಪರೀಕ್ಷೆ ಹೀಗೆ: ‘ಮಾತ್ರ’ ತೆಗೆದು ‘ಆದರೆ’ ಹಾಕಿ ಓದಿ. ಹೇಳಬೇಕಾದದ್ದೆಲ್ಲ ಬಂದರೆ ‘ಮಾತ್ರ’ ಬೇಕಿರಲಿಲ್ಲ. ಜನರ ಹೆಸರಿನ ಪಕ್ಕದಲ್ಲಂತೂ ಈ ಎರಡನೆಯ ಬಳಕೆಯನ್ನು ದೂರವಿಡುವುದು ಕ್ಷೇಮ, ಏಕೆಂದರೆ ಹೊರಗುಳಿದ ಹೆಸರುಗಳನ್ನು ಓದುಗರು ತಾವಾಗಿಯೇ ತುಂಬಿಕೊಳ್ಳುತ್ತಾರೆ.

ಲಕ್ಷಣ: ಪಕ್ಕದ ಪದ ಸರಿಯಿದೆ, ಆದರೂ ಜಗಳ ನಿಂತಿಲ್ಲ

‘ಹೊಸ ಸದಸ್ಯರ ಮಕ್ಕಳಿಗೆ ಮಾತ್ರ ತರಬೇತಿ.’

ಎಡಗಡೆ ‘ಮಕ್ಕಳಿಗೆ’ ಇದೆ, ಅದರ ಹಿಂದೆ ‘ಸದಸ್ಯರ’, ಅದರ ಹಿಂದೆ ‘ಹೊಸ’. ‘ಮಾತ್ರ’ದ ಹಿಡಿತ ಎಷ್ಟು ದೂರ ಚಾಚುತ್ತದೆ? ಮಕ್ಕಳಿಗೆ ಹೊರತು ಸದಸ್ಯರಿಗೆ ಇಲ್ಲ ಎಂದೇ? ಸದಸ್ಯರ ಮಕ್ಕಳಿಗೆ ಹೊರತು ಹೊರಗಿನವರ ಮಕ್ಕಳಿಗೆ ಇಲ್ಲ ಎಂದೇ? ಅಥವಾ ಹಳೆಯ ಸದಸ್ಯರ ಮಕ್ಕಳನ್ನು ಬಿಟ್ಟಿದ್ದಾರೆಯೇ? ಮೂರನೆಯದನ್ನು ಓದಿಕೊಂಡ ಹಳೆಯ ಸದಸ್ಯರು ಜಗಳಕ್ಕೆ ಬರುತ್ತಾರೆ. ಬರೆದವರು ಯೋಚಿಸಿದ್ದು ಮೊದಲನೆಯದನ್ನಾಗಿರಬಹುದು. ಜೊತೆಗೆ ‘ಹೊಸ’ ಎಂಬುದು ಸದಸ್ಯರಿಗೆ ಸೇರಿದ್ದೋ ಮಕ್ಕಳ ತಂಡಕ್ಕೆ ಸೇರಿದ್ದೋ ಎಂಬ ಪ್ರಶ್ನೆಯೂ ಎದ್ದೀತು, ಅದನ್ನು ಸದ್ಯಕ್ಕೆ ಬದಿಗಿಡೋಣ.

ಸರಿಸುವ ಉಪಾಯ ಇಲ್ಲಿ ಸೋಲುತ್ತದೆ. ‘ಹೊಸ ಮಾತ್ರ ಸದಸ್ಯರ ಮಕ್ಕಳಿಗೆ’ ಎಂದರೆ ಕನ್ನಡವಾಗುವುದಿಲ್ಲ. ‘ಸದಸ್ಯರ ಮಾತ್ರ ಮಕ್ಕಳಿಗೆ’ ಎಂದರೂ ಅದೇ ಗತಿ. ಇಂಥ ಪದಪುಂಜದ ಒಳಕ್ಕೆ ‘ಮಾತ್ರ’ ನುಗ್ಗುವುದಿಲ್ಲ; ಕೊನೆಯ ಪದದ ವಿಭಕ್ತಿ ಮುಗಿದ ಮೇಲೆಯೇ ಅದಕ್ಕೆ ಜಾಗ. ಆದ್ದರಿಂದ ಪದಪುಂಜವನ್ನೇ ಒಡೆಯಬೇಕು, ಅಥವಾ ಹೊರಗುಳಿದವರನ್ನು ಹೆಸರಿಸಬೇಕು: ‘ತರಬೇತಿ ಮಕ್ಕಳಿಗೆ, ಸದಸ್ಯರಿಗಲ್ಲ. ಹೊಸದಾಗಿ ಸೇರಿದ ಸದಸ್ಯರು ತಮ್ಮ ಮಕ್ಕಳ ಹೆಸರು ಕೊಡಬಹುದು.’ ಉದ್ದವಾಯಿತು, ನಿಜ. ಫಲಕದಲ್ಲಿ ಜಾಗವಿಲ್ಲ ಎನ್ನುವವರಿಗೆ ನನ್ನ ಉತ್ತರ: ಅಕ್ಷರ ಚಿಕ್ಕದು ಮಾಡಿ, ವಾಕ್ಯವನ್ನಲ್ಲ.

ಲಕ್ಷಣ: ‘ಬೇಡ’ ಎಂದದ್ದನ್ನೇ ಮಾಡಿಬಿಟ್ಟರು

‘ಮಾತ್ರ’ ಮತ್ತು ನಿಷೇಧ ಒಂದೇ ವಾಕ್ಯದಲ್ಲಿ ಸೇರಿದರೆ ಪತ್ತೆ ಕಷ್ಟವಾಗುತ್ತದೆ. ಸಹೋದ್ಯೋಗಿಗೆ ಹೀಗೆ ಬರೆದಿರಿ ಎನ್ನಿ: ‘ಈ ಕಡತವನ್ನು ಮಾತ್ರ ಅಳಿಸಬೇಡಿ.’

ಸಾಮಾನ್ಯವಾಗಿ ಇದನ್ನು ಓದುವ ರೀತಿ: ಬೇರೇನನ್ನು ಅಳಿಸಿದರೂ ಪರವಾಗಿಲ್ಲ, ಇದನ್ನು ಮುಟ್ಟಬೇಡಿ. ಆದರೆ ಹಿಂದಿನ ಸಂದೇಶದಲ್ಲಿ ‘ಹಳೆಯ ಕಡತಗಳೆಲ್ಲ ಹೋಗಬೇಕು’ ಎಂಬ ಮಾತಿದ್ದರೆ ಇನ್ನೊಂದು ಓದು ತಲೆಯೆತ್ತುತ್ತದೆ: ಇದೊಂದನ್ನೇ ಅಳಿಸಿ ಸುಮ್ಮನಾಗಬೇಡಿ, ಉಳಿದವನ್ನೂ ಅಳಿಸಿ. ಮೊದಲ ಓದಿನಲ್ಲಿ ಕಡತ ಉಳಿಯುತ್ತದೆ, ಎರಡನೆಯದರಲ್ಲಿ ಹೋಗುತ್ತದೆ. ಪದಗಳು ಅವೇ, ಕ್ರಮವೂ ಅದೇ. ‘ನೀವು ಮಾತ್ರ ಬರಬೇಡಿ’ ಎಂಬುದೂ ಇದೇ ಜಾತಿಯದು: ಉಳಿದವರು ಬರಲಿ ನೀವು ಬೇಡ ಎಂದೋ, ಒಬ್ಬರೇ ಬರಬೇಡಿ ಯಾರನ್ನಾದರೂ ಕರೆತನ್ನಿ ಎಂದೋ?

ಕೇಳಬೇಕಾದ ಪ್ರಶ್ನೆ ಒಂದೇ: ‘ಬೇಡ’ ಯಾವುದನ್ನು ಅಲ್ಲಗಳೆಯುತ್ತಿದೆ? ಕೆಲಸವನ್ನೋ, ‘ಮಾತ್ರ’ವನ್ನೋ? ಕೆಲಸವನ್ನಾದರೆ ‘ಮಾತ್ರ’ವನ್ನು ಕೈಬಿಟ್ಟು ‘ಈ ಕಡತವನ್ನು ಉಳಿಸಿ, ಬೇರೆಯವನ್ನು ಅಳಿಸಬಹುದು’ ಎನ್ನಿ. ‘ಮಾತ್ರ’ವನ್ನಾದರೆ ಕನ್ನಡದಲ್ಲಿ ಅದಕ್ಕೆ ಸಿದ್ಧ ರೂಪವೇ ಇದೆ: ‘ಈ ಕಡತವನ್ನು ಮಾತ್ರವಲ್ಲ, ಉಳಿದವನ್ನೂ ಅಳಿಸಿ.’ ‘ಅಲ್ಲ’ ಎಂಬುದು ‘ಮಾತ್ರ’ಕ್ಕೇ ಅಂಟಿಕೊಂಡಾಗ ಸಂದೇಹಕ್ಕೆ ಎಡೆಯಿಲ್ಲ. ಜನರ ವಿಷಯದಲ್ಲಿ ‘ನೀವೊಬ್ಬರೇ ಬರಬೇಡಿ’ ಎಂದರೆ ಎರಡನೆಯ ಅರ್ಥ ಖಚಿತವಾಗುತ್ತದೆ.

ಎಚ್ಚರಿಕೆ: ಅಳಿಸುವುದು, ಹಣ ಕಳಿಸುವುದು, ವಿದ್ಯುತ್ ಸಂಪರ್ಕ ತೆಗೆಯುವುದು, ಇಂಥ ಹಿಂದಿರುಗಿಸಲಾಗದ ಕೆಲಸದ ಸೂಚನೆಯಲ್ಲಿ ‘ಮಾತ್ರ’ವನ್ನೂ ನಿಷೇಧವನ್ನೂ ಒಟ್ಟಿಗೆ ಬಳಸಲೇಬೇಡಿ. ನಿಮಗೆ ಅಂಥ ಸೂಚನೆ ಬಂದರೆ ಕೆಲಸ ಶುರುಮಾಡುವ ಮುನ್ನ ತಿರುಗಿ ಕೇಳಿ.

ಲಕ್ಷಣ: ಷರತ್ತು ಪೂರೈಸಿದವರು ‘ಮಾತು ಕೊಟ್ಟಿದ್ದಿರಿ’ ಎನ್ನುತ್ತಾರೆ

ಹಣ ಮರುಪಾವತಿಯ ನಿಯಮ ನೋಡಿ:

ರಸೀದಿ ತಂದರೆ ಮಾತ್ರ ಹಣ ಮರಳಿಸುತ್ತೇವೆ.

‘ಮಾತ್ರ’ ಇಲ್ಲಿ ಇಡೀ ಷರತ್ತನ್ನು ಹಿಡಿದಿದೆ: ರಸೀದಿಯಿಲ್ಲದೆ ಹಣವಿಲ್ಲ. ಇದನ್ನೇ ‘ರಸೀದಿ ತಂದರೆ ಹಣ ಮಾತ್ರ ಮರಳಿಸುತ್ತೇವೆ’ ಎಂದು ಬರೆದರೆ ಬದಲಿ ವಸ್ತು ಕೊಡುವುದಿಲ್ಲ ಎಂದಾಯಿತು, ರಸೀದಿ ಕಡ್ಡಾಯವೋ ಅಲ್ಲವೋ ತಿಳಿಯದಾಯಿತು. ‘ರಸೀದಿ ಮಾತ್ರ ತಂದರೆ ಹಣ ಮರಳಿಸುತ್ತೇವೆ’ ಎಂಬುದು ಇನ್ನೂ ವಿಚಿತ್ರ: ವಸ್ತು ತರದೆ ಬರೀ ರಸೀದಿ ಹಿಡಿದು ಬಂದವರಿಗೆ ಹಣ ಕೊಟ್ಟಂತೆ! ಬೆರಳಿಡುವ ಪರೀಕ್ಷೆಯಲ್ಲೇ ಇವು ಸಿಕ್ಕಿಬೀಳುತ್ತವೆ.

ಬೆರಳಿಗೆ ಸಿಗದ ದೋಷ ಸರಿಯಾದ ವಾಕ್ಯದಲ್ಲೇ ಅಡಗಿದೆ. ‘ರಸೀದಿ ತಂದರೆ ಮಾತ್ರ’ ಎಂಬುದು ರಸೀದಿ ಬೇಕೇ ಬೇಕು ಎನ್ನುತ್ತದೆ. ರಸೀದಿಯೊಂದಿದ್ದರೆ ಸಾಕು ಎನ್ನುವುದಿಲ್ಲ. ವಸ್ತು ಒಡೆದಿದ್ದರೆ, ಅವಧಿ ಮೀರಿದ್ದರೆ ಹಣ ಸಿಗದೆ ಹೋಗಬಹುದು. ಓದುವವರು ಮಾತ್ರ ‘ತಂದರೆ ಮಾತ್ರ’ವನ್ನು ‘ತಂದರೆ ಸಾಕು’ ಎಂದೇ ಓದಿಕೊಂಡು ರಸೀದಿ ಹಿಡಿದು ನಿಲ್ಲುತ್ತಾರೆ. ಪ್ರವೇಶ, ಸಾಲ, ರಜೆಗಳ ನಿಯಮಗಳಲ್ಲೂ ಇದೇ ತಕರಾರು. ಪರೀಕ್ಷೆ: ‘ಷರತ್ತು ಪೂರೈಸಿದ ಎಲ್ಲರಿಗೂ ಕೊಡುತ್ತೇವೆಯೇ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೌದಾದರೆ ‘ರಸೀದಿ ತಂದ ಎಲ್ಲರಿಗೂ ಹಣ ಮರಳಿಸುತ್ತೇವೆ, ತರದಿದ್ದರೆ ಇಲ್ಲ’ ಎಂದು ಎರಡೂ ಕಡೆ ಹೇಳಿ. ಅಲ್ಲವಾದರೆ ಉಳಿದ ಷರತ್ತುಗಳನ್ನೂ ಪಕ್ಕದಲ್ಲೇ ಬರೆಯಿರಿ.

ಲಕ್ಷಣ: ಅನುವಾದವಾದ ವಾಕ್ಯದಲ್ಲಿ ಕರ್ತೃ ಇದ್ದಕ್ಕಿದ್ದಂತೆ ಒಂಟಿಯಾಗಿದ್ದಾನೆ

‘ನಾವು ಮಾತ್ರ ನಗದು ಸ್ವೀಕರಿಸುತ್ತೇವೆ’ ಎಂಬ ಫಲಕ ಕಂಡರೆ ಮೂಲ ಇಂಗ್ಲಿಷಿನಲ್ಲಿತ್ತು ಎಂದು ಅನುಮಾನಿಸಿ. ಆ ಭಾಷೆಯಲ್ಲಿ ‘ಓನ್ಲಿ’ ಪದ ಕರ್ತೃ ಮತ್ತು ಕ್ರಿಯಾಪದಗಳ ನಡುವೆ ಆರಾಮವಾಗಿ ಕೂತು, ದೂರದ ಪದಕ್ಕೂ ಅನ್ವಯಿಸುತ್ತದೆ. ಯಾವುದಕ್ಕೆ ಎಂಬುದನ್ನು ದನಿಯ ಒತ್ತು ಅಥವಾ ಸಂದರ್ಭ ತಿಳಿಸುತ್ತದೆ. ಅದರ ಸ್ಥಾನವನ್ನೇ ಕನ್ನಡಕ್ಕೆ ನಕಲು ಮಾಡಿದರೆ ‘ಮಾತ್ರ’ದ ಎಡಕ್ಕೆ ಸಿಗುವುದು ಕರ್ತೃ. ಊರಿನಲ್ಲಿ ನಗದು ತೆಗೆದುಕೊಳ್ಳುವ ಅಂಗಡಿ ತಮ್ಮದೊಂದೇ ಎಂಬ ಜಂಬದ ಫಲಕ ತಯಾರಾಗುತ್ತದೆ. ಬೇಕಿದ್ದದ್ದು ‘ನಗದು ಮಾತ್ರ ಸ್ವೀಕರಿಸುತ್ತೇವೆ.’

ಇಂಗ್ಲಿಷಿನ ಒಂದೇ ವಾಕ್ಯ ಕನ್ನಡದಲ್ಲಿ ಎರಡು ಮೂರಾಗಿ ಕವಲೊಡೆಯಬಹುದು. ವ್ಯವಸ್ಥಾಪಕರು ವರದಿ ಓದಿದ ಸಂಗತಿಯನ್ನೇ ತೆಗೆದುಕೊಳ್ಳಿ. ‘ವ್ಯವಸ್ಥಾಪಕರು ವರದಿಯನ್ನು ಮಾತ್ರ ಓದಿದರು’ ಎಂದರೆ ಅದರ ಜೊತೆಗಿದ್ದ ಅನುಬಂಧ ಓದಲಿಲ್ಲ. ‘ವ್ಯವಸ್ಥಾಪಕರು ವರದಿಯನ್ನು ಓದಿದರು, ಅಷ್ಟೇ’ ಎಂದರೆ ಓದಿದರು, ಒಪ್ಪಿಗೆ ಕೊಡಲಿಲ್ಲ. ಮಿತಿ ಬೀಳಬೇಕಾದದ್ದು ಕ್ರಿಯೆಯ ಮೇಲಾದರೆ ಕೊನೆಯಲ್ಲಿ ಬರುವ ‘ಅಷ್ಟೇ’ ಬಹಳ ಸಹಜ. ಮೂಲ ಬರೆದವರು ಕೈಗೆ ಸಿಗುವವರಾದರೆ ಕೇಳಿ ತಿಳಿದುಕೊಳ್ಳುವುದೇ ಹತ್ತಿರದ ದಾರಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಔಷಧದ ಚೀಟಿಯಲ್ಲಿ ‘ನೋವಿದ್ದಾಗ ಮಾತ್ರ ಒಂದು ಮಾತ್ರೆ’ ಎಂದಿದ್ದರೆ ನೋವಿಲ್ಲದಾಗ ನುಂಗಬಾರದು. ‘ನೋವಿದ್ದಾಗ ಒಂದು ಮಾತ್ರೆ ಮಾತ್ರ’ ಎಂದಿದ್ದರೆ ಎರಡು ನುಂಗಬಾರದು. ಆದರೆ ಒಂದು ಎಂದರೆ ಒಂದು ಹೊತ್ತಿಗೋ ಇಡೀ ದಿನಕ್ಕೋ, ನೋವು ಮರುಕಳಿಸಿದರೆ ಎಷ್ಟು ಗಂಟೆ ಬಿಡಬೇಕೋ ಇದರಲ್ಲಿಲ್ಲ. ಅವಸರದ ಕೈಬರಹದಲ್ಲಿ ‘ಮಾತ್ರ’ ಮತ್ತು ‘ಮಾತ್ರೆ’ ಒಂದೇ ತರಹ ಕಾಣುವುದೂ ಉಂಟು. ಮೇಲಿನ ಯಾವ ಪರೀಕ್ಷೆಯಿಂದಲೂ ಇಲ್ಲಿ ಅರ್ಥ ನಿರ್ಧರಿಸಬೇಡಿ. ಬರೆದ ವೈದ್ಯರನ್ನೋ ಔಷಧ ಕೊಟ್ಟವರನ್ನೋ ಕೇಳಿ, ಅವರು ಹೇಳಿದ್ದನ್ನು ಹೊತ್ತು ಮತ್ತು ಸಂಖ್ಯೆಯ ಸಮೇತ ಬರೆಸಿಕೊಳ್ಳಿ.

ಸಹಿಯಾದ ಕರಾರು, ಉಯಿಲು, ಹಂಚಿಕೆ ಪತ್ರಗಳದ್ದು ಬೇರೆ ಬಗೆಯ ಅಪಾಯ. ‘ಮನೆಯನ್ನು ಮಾತ್ರ ಮಗಳಿಗೆ ಕೊಡತಕ್ಕದ್ದು’ ಎಂದರೆ ಮಗಳಿಗೆ ಮನೆ ಬಿಟ್ಟು ಬೇರೇನೂ ಇಲ್ಲ. ‘ಮನೆಯನ್ನು ಮಗಳಿಗೆ ಮಾತ್ರ ಕೊಡತಕ್ಕದ್ದು’ ಎಂದರೆ ಮನೆಯಲ್ಲಿ ಬೇರೆಯವರಿಗೆ ಪಾಲಿಲ್ಲ. ಉಳಿದ ಆಸ್ತಿಯ ಮಾತು ಇಲ್ಲಿ ಬಂದೇ ಇಲ್ಲ. ದೋಷ ನಿಮಗೆ ಎಷ್ಟೇ ಸ್ಪಷ್ಟವಾಗಿ ಕಂಡರೂ ಪೆನ್ನು ಹಿಡಿದು ಬಾಣದ ಗುರುತು ಹಾಕಿ ಪದ ಸರಿಸಲು ಹೋಗಬೇಡಿ. ಸಹಿಯಾದ ಮೇಲಿನ ತಿದ್ದುಪಡಿಯೇ ಹೊಸ ವ್ಯಾಜ್ಯಕ್ಕೆ ಕಾರಣವಾಗಬಹುದು. ಆ ಸಾಲಿನ ಪ್ರತಿ ಮಾಡಿಕೊಂಡು, ಅದರಿಂದ ಹೊರಡುವ ಎರಡೂ ಅರ್ಥಗಳನ್ನು ಬೇರೆ ಹಾಳೆಯಲ್ಲಿ ಬರೆದು ವಕೀಲರ ಬಳಿ ಒಯ್ಯಿರಿ. ಇನ್ನೂ ಸಹಿಯಾಗದ ಕರಡಾದರೆ ಈಗಲೇ ವಾಕ್ಯವನ್ನು ಎರಡಾಗಿ ಒಡೆಯಲು ಹೇಳಿ: ಯಾರಿಗೆ ಏನು ಎಂಬುದು ಒಂದರಲ್ಲಿ, ಯಾರಿಗೆ ಏನಿಲ್ಲ ಎಂಬುದು ಇನ್ನೊಂದರಲ್ಲಿ.